ಐಫೋನ್ ಎನ್‌ಎಫ್‌ಸಿ ಸ್ಟಿಕರ್ ಓದುತ್ತದೆ

"ಕೌಂಟರಿಗೆ ಅಂಟಿಸಿದ ಎನ್‌ಎಫ್‌ಸಿ ಸ್ಟಿಕರ್ ಆಂಡ್ರಾಯ್ಡ್‌ಗೆ ಮಾತ್ರ. ಐಫೋನ್‌ನವರು ಆ್ಯಪ್ ಹಾಕಿಕೊಳ್ಳಲೇಬೇಕು."

ಫೋನ್ ತಾಗಿಸಿದರೆ ಲಿಂಕ್ ತೆರೆಯುವ ಈ ಸ್ಟಿಕರಿನ ಬಗ್ಗೆ ಹಲವರು ಹೇಳುವ ಈ ಮಾತು ತಪ್ಪು. 2018ರಲ್ಲಿ ಬಂದ ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್ ಮತ್ತು ಆಮೇಲಿನವು ಆ್ಯಪ್ ಇಲ್ಲದೆಯೇ ಓದುತ್ತವೆ. ಐಫೋನ್ 7, 8, ಎಕ್ಸ್‌ಗೆ ಮಾತ್ರ ಕಂಟ್ರೋಲ್ ಸೆಂಟರಿನ ಎನ್‌ಎಫ್‌ಸಿ ಗುಂಡಿ ಅಥವಾ ಆ್ಯಪ್ ಬೇಕು.

ಹಾಗಾದರೆ ಈ ಮಾತು ಹುಟ್ಟಿದ್ದು ಹೇಗೆ? ಬೆಳಗಾವಿಯ ಖಡೇಬಜಾರಿನಲ್ಲಿ ಕುಂದಾ ಮಾರುವ ಗೆಳೆಯರ ಅಂಗಡಿಯಲ್ಲಿ ನಾನೇ ನೋಡಿದೆ. ಅವರ ಆಂಡ್ರಾಯ್ಡ್‌ನಲ್ಲಿ ಲಿಂಕ್ ಕಾಣುತ್ತಿತ್ತು, ಗಿರಾಕಿಯ ಐಫೋನ್ ಸುಮ್ನೆ ಇರುತ್ತಿತ್ತು. ಸ್ಟಿಕರ್ ಓದಿ ನೋಡಿದರೆ ಲಿಂಕನ್ನು `Text` ಎಂದು ಬರೆದಿದ್ದರು. ಐಫೋನಿಗೆ ಅದು ಬರೀ ಅಕ್ಷರ, ತೆರೆಯುವ ವಿಳಾಸವಲ್ಲ. ಅವರ ಫೋನಿನಲ್ಲಿ ಬರೆಯುವ ಆ್ಯಪ್ ಇತ್ತು, ಅದೇ ಅಕ್ಷರ ತೋರಿಸುತ್ತಿತ್ತು. ತಮ್ಮ ಫೋನಿನಲ್ಲೇ ಪರೀಕ್ಷಿಸಿದರೆ ಹೀಗೆ ಮೋಸ ಹೋಗುತ್ತೇವೆ, ಅಲ್ವಾ?

NFC Tools ಆ್ಯಪ್‌ನಲ್ಲಿ `Write`, `Add a record`, ಆಮೇಲೆ `URL / URI` ಆರಿಸಿ ಮತ್ತೆ ಬರೆದೆವು. ಐಫೋನಿನ ಮೇಲಿನ ಅಂಚನ್ನು ತಾಗಿಸಿದ ಕೂಡಲೇ ನೋಟಿಫಿಕೇಶನ್ ಬಂತು. ಅದನ್ನು ಒತ್ತಿದರೆ ಪುಟ ತೆರೆಯಿತು. ಪರದೆ ಆರಿದ್ದರೆ ಅಥವಾ ಕ್ಯಾಮೆರಾ ತೆರೆದಿದ್ದರೆ ಐಫೋನ್ ಓದುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಎನ್‌ಎಫ್‌ಸಿ ಆನ್ ಇರಬೇಕು, ಲಾಕ್ ತೆಗೆದಿರಬೇಕು, ಹಿಂಬದಿಯ ನಡುಭಾಗ ಅಥವಾ ಕ್ಯಾಮೆರಾದ ಹತ್ತಿರದ ಭಾಗ ತಾಗಿಸಬೇಕು. ಎನ್‌ಎಫ್‌ಸಿಯೇ ಇಲ್ಲದ ಫೋನುಗಳೂ ಜಾಸ್ತಿ, ಅವಕ್ಕೆ ಪಕ್ಕದಲ್ಲಿ ಕ್ಯೂಆರ್ ಇರಲಿ.

ಸ್ಟೀಲ್ ಕೌಂಟರಾದರೆ ಮಾಮೂಲಿ ಸ್ಟಿಕರ್ ಯಾವ ಫೋನಿಗೂ ಸಿಗುವುದಿಲ್ಲ. ಲೋಹಕ್ಕೆಂದೇ ಬರುವ, ಫೆರೈಟ್ ಪದರ ಇರುವ ಸ್ಟಿಕರ್ ತನ್ನಿ. ಅಂಟಿಸಿದ ಜಾಗದಲ್ಲೇ ಎರಡೂ ಬಗೆಯ ಫೋನಿನಲ್ಲಿ ನೋಡಿ, ಆಮೇಲೆ ಸ್ಟಿಕರನ್ನು ಲಾಕ್ ಮಾಡಿ. ಲಾಕ್ ಆದ ಸ್ಟಿಕರಿಗೆ ಮತ್ತೆ ಬರೆಯಲಾಗದು.