ಆರೋಗ್ಯ ವಿಮೆಯನ್ನು ಏಜೆಂಟರ ಮೂಲಕವೇ ಕೊಳ್ಳಬೇಕೇ?

ಪರ: ಎದುರಿಗೆ ಕೂರಿಸಿ ಕೇಳಬೇಕು

ನಮ್ಮ ಅಕ್ಕನಿಗೆ ಪಿತ್ತಕೋಶದ ಕಲ್ಲಿಗೆ ಶಸ್ತ್ರಚಿಕಿತ್ಸೆಯಾಯಿತು. ಐದು ಲಕ್ಷ ರೂಪಾಯಿಯ ವಿಮೆ ಇತ್ತು. ಭಾವ ಅದನ್ನು ಒಂದು ರಾತ್ರಿ ಮೊಬೈಲಿನಲ್ಲೇ ಕೊಂಡಿದ್ದರು. ಆಸ್ಪತ್ರೆಯ ಬಿಲ್ ಎರಡು ಲಕ್ಷ, ಮಂಜೂರಾದದ್ದು 1,40,000. ಕೌಂಟರಿನ ಮುಂದೆ ಅಕ್ಕ ಕೈಬಳೆ ಮುಟ್ಟಿಕೊಳ್ಳುತ್ತ ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಪಾಲಿಸಿಯಲ್ಲಿ ಕೊಠಡಿ ಬಾಡಿಗೆಗೆ ಮಿತಿಯಿತ್ತು: ದಿನಕ್ಕೆ ವಿಮಾ ಮೊತ್ತದ ಶೇ. 1, ಅಂದರೆ 5,000 ರೂಪಾಯಿ. ಅಕ್ಕ 8,000 ರೂಪಾಯಿಯ ಕೊಠಡಿಯಲ್ಲಿ ನಾಲ್ಕು ದಿನ ಇದ್ದಳು. ಹೆಚ್ಚುವರಿ 12,000 ಕಟ್ಟಿದರೆ ಮುಗಿಯಿತು ಎಂದುಕೊಂಡಿದ್ದೆವು. ಆದರೆ ಮಿತಿ ಮೀರಿದ ಕೊಠಡಿ ಹಿಡಿದರೆ ವೈದ್ಯರ ಶುಲ್ಕಕ್ಕೂ ಶುಶ್ರೂಷೆಗೂ ಅದೇ ಅನುಪಾತದ ಕತ್ತರಿ ಬೀಳುತ್ತದೆ. ಆ ಬಾಬ್ತಿನ 1,28,000ದಲ್ಲಿ ಎಂಟಕ್ಕೆ ಐದರ ಲೆಕ್ಕದಲ್ಲಿ 80,000 ಬಂತು. ಔಷಧಿ ಮತ್ತು ಪರೀಕ್ಷೆಗಳ 40,000 ಮಾತ್ರ ಪೂರ್ತಿ ಸಿಕ್ಕಿತು. ಕೈಯಿಂದ ಹೋದದ್ದು 60,000.

ಹಾಗಾಗಿ ಏಜೆಂಟರನ್ನು ಮೊದಲು ಕೇಳಬೇಕಾದದ್ದು ಕಂತು ಎಷ್ಟು ಎಂದಲ್ಲ. ‘ಕೊಠಡಿ ಬಾಡಿಗೆಗೆ ಮಿತಿ ಇದೆಯೇ? ನಮ್ಮೂರಿನ ಈ ಆಸ್ಪತ್ರೆಯಲ್ಲಿ ಆ ಬಾಡಿಗೆಗೆ ಯಾವ ಕೊಠಡಿ ಸಿಗುತ್ತದೆ?’ ಎಂದು ಕೇಳಿ. ಪಾಲಿಸಿಯ ಆ ಸಾಲನ್ನು ತೋರಿಸಲು ಹೇಳಿ. ಈಗಾಗಲೇ ಇರುವ ಕಾಯಿಲೆಗೆ ಎಷ್ಟು ತಿಂಗಳು ಕಾಯಬೇಕು ಎಂದೂ ಕೇಳಿ. 36 ತಿಂಗಳವರೆಗೂ ಕಾಯಿಸಬಹುದು. ಕಮಿಷನ್ ಉಳಿಯಿತು ಎಂದು ಹಿಗ್ಗುವವರು ಡಿಸ್ಚಾರ್ಜ್ ದಿನ ಯಾರಿಗೆ ಫೋನ್ ಮಾಡುತ್ತಾರೆ? ಜಾಲತಾಣಕ್ಕೆ ನಮ್ಮೂರ ಆಸ್ಪತ್ರೆಯ ಬಾಡಿಗೆ ಗೊತ್ತಿಲ್ಲ. ಗೊತ್ತಿರುವವರು ಎದುರಿಗೆ ಬೇಕು.

ವಿರೋಧ: ಅರ್ಜಿಯನ್ನು ನಾವೇ ತುಂಬೋಣ

ನಾನೂ ಮೊದಲ ಪಾಲಿಸಿಯನ್ನು ಪರಿಚಯದ ಏಜೆಂಟರಿಂದಲೇ ಕೊಂಡವನು. ಅವರ ಮೇಲೆ ದೂರಿಲ್ಲ. ಆದರೂ ಆನ್‌ಲೈನ್ ಖರೀದಿಯಲ್ಲಿ ಒಂದು ದೊಡ್ಡ ಅನುಕೂಲವಿದೆ: ಪ್ರಸ್ತಾವನೆ ಅರ್ಜಿಯನ್ನು ನಮ್ಮ ಕೈಯಿಂದಲೇ ತುಂಬುತ್ತೇವೆ. ಏಜೆಂಟರ ಬಳಿ ಆಗುವುದೇನು? ‘ಬಿ.ಪಿ. ಮಾತ್ರೆ ತಾನೇ ಸರ್, ಬರೆಯುವುದು ಬೇಡ’ ಎನ್ನುತ್ತಾರೆ. ಖಾಲಿ ಅರ್ಜಿಗೆ ಸಹಿ ಬೀಳುತ್ತದೆ. ಮುಂದೆ ಹಳೆಯ ಚೀಟಿ ಹೊರಬಿದ್ದು ಕ್ಲೇಮ್ ತಿರಸ್ಕೃತವಾದಾಗ ಮುಚ್ಚಿಟ್ಟ ತಪ್ಪು ಸಹಿ ಮಾಡಿದವರ ತಲೆಗೆ ಬರುತ್ತದೆ.

ಬಾಡಿಗೆ ಮಿತಿಯೂ ಪಾಲಿಸಿಯ ಕಾಗದದಲ್ಲೇ ಇರುತ್ತದೆ. ಓದಿ ಒಪ್ಪಿಗೆಯಾಗದಿದ್ದರೆ, ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸಬಹುದು. ಓದುವ ವ್ಯವಧಾನವಿಲ್ಲದವರು ಏಜೆಂಟರ ಬಳಿಗೆ ಹೋಗಲಿ, ಬೇಡವೆನ್ನುವುದಿಲ್ಲ. ಆದರೆ ಒಂದು ಮಾತು ಕೇಳಿಯೇ ಕುಳಿತುಕೊಳ್ಳಲಿ: ‘ನೀವು ಕಂಪನಿಯ ಏಜೆಂಟರೋ, ಬ್ರೋಕರೋ?’ ಏಜೆಂಟರು ಕಂಪನಿಯ ಪ್ರತಿನಿಧಿ. ಬ್ರೋಕರು ಹಲವು ಕಂಪನಿಗಳ ಪಾಲಿಸಿ ತೂಗಿ ನೋಡಿ ಗ್ರಾಹಕರ ಪರವಾಗಿ ನಿಲ್ಲಬೇಕಾದವರು.