ಆಫರ್ ಲೆಟರ್ ಬಂದ್ಮೇಲೆ ಸಂಬಳದ ಬಗ್ಗೆ ಮಾತಾಡ್ಬೇಕಾ? ಪರ-ವಿರೋಧ

ಪರ: ಕೇಳಲೇಬೇಕು, ಅದಕ್ಕೂ ಮೊದಲು ಸಂಬಳದ ಬ್ರೇಕಪ್ ಓದ್ಬೇಕು

ಪುಣೆಯ ಐಟಿ ಕಂಪನಿಗಳಲ್ಲಿ ರಿಕ್ರೂಟ್‌ಮೆಂಟ್ ಕೆಲಸ ಮಾಡ್ಕೊಂಡು ಬಂದವಳು ನಾನು, ಆಫರ್ ಕಳಿಸೋರ ಕಡೆ ಏನೇನು ನಡೆಯತ್ತೆ ಅಂತ ಹತ್ತಿರದಿಂದ ನೋಡಿದೀನಿ. ಹಿಂಜವಡಿ, ಖರಾಡಿ ಕಡೆ ಕೆಲಸಕ್ಕೆ ಬರೋ ನಮ್ಮ ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗದ ಹುಡುಗ ಹುಡುಗೀರು ಲೆಟರ್ ಬಂದ ಅರ್ಧ ಗಂಟೆಯಲ್ಲಿ "ಆಕ್ಸೆಪ್ಟೆಡ್, ಥ್ಯಾಂಕ್ಯೂ ಸರ್" ಅಂತ ಕಳಿಸಿಬಿಡ್ತಾರೆ. ಒಳಗಿರೋ ಅನೆಕ್ಷರ್, ಅಂದ್ರೆ ಸಂಬಳ ಬಿಡಿಸಿ ಬರೆದ ಹಾಳೆ, ತೆಗೆದು ನೋಡಿರಲ್ಲ. ನನಗೆ ಹೊಟ್ಟೆ ಉರಿಯೋದು ಅದಕ್ಕೇ.

ಒಂದು ಕೇಸ್ ಹೇಳ್ತೀನಿ. ವಾಕಡ್‌ನಲ್ಲಿ ನಮ್ಮ ಬಿಲ್ಡಿಂಗಲ್ಲೇ ಇರೋ ಧಾರವಾಡದ ಹುಡುಗಿ, ಆರು ವರ್ಷದ ಅನುಭವ. ಹಳೇ ಕಂಪನಿಯಲ್ಲಿ ಸಿಟಿಸಿ, ಅಂದ್ರೆ ಕಂಪನಿ ಒಬ್ಬರ ಮೇಲೆ ವರ್ಷಕ್ಕೆ ಮಾಡೋ ಒಟ್ಟು ಖರ್ಚು, ಸುಮಾರು 14 ಲಕ್ಷ, ಹೊಸ ಆಫರ್ 18 ಲಕ್ಷ. ಎಚ್‌ಆರ್ ಫೋನ್ ಮಾಡಿ "28 ಪರ್ಸೆಂಟ್ ಹೈಕ್ ಕೊಟ್ಟಿದೀವಿ" ಅಂದ್ರು, ಇವಳಿಗೂ ಖುಷಿ. ನಾನು ಅನೆಕ್ಷರ್ ತೋರ್ಸು ಅಂದೆ. 18 ಲಕ್ಷದಲ್ಲಿ 1.8 ಲಕ್ಷ ವೇರಿಯಬಲ್, ಅಂದ್ರೆ ಕಂಪನಿ ಮತ್ತು ಇವಳ ಪರ್ಫಾರ್ಮೆನ್ಸ್ ನೋಡಿ ವರ್ಷದ ಕೊನೆಗೆ ಬಂದ್ರೆ ಬಂತು. ಬೇಸಿಕ್ 9 ಲಕ್ಷ. ಅದರ 12 ಪರ್ಸೆಂಟ್, 1.08 ಲಕ್ಷ, ಕಂಪನಿ ಕಟ್ಟೋ ಪಿಎಫ್. ಬೇಸಿಕ್‌ನ 4.81 ಪರ್ಸೆಂಟ್, ಸುಮಾರು 43 ಸಾವಿರ, ಗ್ರಾಚ್ಯುಟಿ. ಪರ್ಮನೆಂಟ್ ಕೆಲಸದವರಿಗೆ ಅದು ಐದು ವರ್ಷ ದಾಟಿದ್ಮೇಲೆ ಸಿಗೋ ದುಡ್ಡು, ಐಟಿಯಲ್ಲಿ ಎಷ್ಟು ಜನ ಅಷ್ಟು ದಿನ ಒಂದೇ ಕಡೆ ಇರ್ತಾರೆ ಹೇಳಿ. ಇಷ್ಟನ್ನ ಕಳೆದ್ರೆ ತಿಂಗಳ ಗ್ರಾಸ್ 1,22,400 ರೂಪಾಯಿಯ ಆಸುಪಾಸು. ಅದರಲ್ಲಿ ಇವಳ ಪಾಲಿನ ಪಿಎಫ್ 9,000, ಮಹಾರಾಷ್ಟ್ರದ ಪ್ರೊಫೆಷನಲ್ ಟ್ಯಾಕ್ಸ್ 200, ಹೊಸ ಟ್ಯಾಕ್ಸ್ ರೆಜೀಮ್‌ನ 2025-26ರ ಸ್ಲ್ಯಾಬ್ ಪ್ರಕಾರ ಟಿಡಿಎಸ್ 7,700 ಹೋದ್ರೆ ಕೈಗೆ ಬರೋದು ಸುಮಾರು 1,05,500.

ಹಳೇ ಕಂಪನಿಯಲ್ಲಿ ಗ್ರಾಸ್ 1,12,000 ಇತ್ತು, ಅಲ್ಲಿ ಪಿಎಫ್ ಬೇಸಿಕ್‌ನ ಮೊದಲ 15,000 ರೂಪಾಯಿಗೆ ಮಾತ್ರ ಕಟ್ಟೋರು, ಹಾಗಾಗಿ ಕಟ್ ಆಗ್ತಿದ್ದಿದ್ದು 1,800 ಅಷ್ಟೇ. ಟ್ಯಾಕ್ಸ್ ಎಲ್ಲ ಹೋಗಿ ಕೈಗೆ ಬರ್ತಿದ್ದಿದ್ದು ಸುಮಾರು 1,03,900! ಅಂದ್ರೆ 28 ಪರ್ಸೆಂಟ್ ಹೈಕ್ ಅಂತ ಹೇಳಿದ್ದು ಬ್ಯಾಂಕ್ ಅಕೌಂಟಿಗೆ ಬಂದು ಬೀಳೋ ಹೊತ್ತಿಗೆ ತಿಂಗಳಿಗೆ ಸಾವಿರದ ಆರುನೂರು ರೂಪಾಯಿ. ಪಿಎಫ್ ದುಡ್ಡು ಅವಳದ್ದೇ, ಅದು ಉಳಿತಾಯ, ಅದನ್ನ ನಾನು ಅಲ್ಲಗಳೆಯಲ್ಲ. ಆದ್ರೆ ವಾಕಡ್‌ನ ಮನೆ ಓನರ್ ಬಾಡಿಗೆಯನ್ನ ಪಿಎಫ್ ಪಾಸ್‌ಬುಕ್ ನೋಡಿ ಬಿಡಲ್ವಲ್ಲ.

ಈಗ ಕೇಳೋದು ಹೇಗೆ. ಮೊದಲ ವಿಷ್ಯ, ನಿಮ್ಮ ಜೊತೆ ಮಾತಾಡೋ ಎಚ್‌ಆರ್ ಹುಡುಗ ಅಥವಾ ಹುಡುಗಿಗೆ ತಾನಾಗೇ ಒಂದು ರೂಪಾಯಿ ಜಾಸ್ತಿ ಮಾಡೋ ಅಧಿಕಾರ ಇರಲ್ಲ. ಅವರು ನಿಮ್ಮ ಮೇಲ್‌ನ ಹೈರಿಂಗ್ ಮ್ಯಾನೇಜರ್‌ಗೂ ಕಾಂಪೆನ್ಸೇಷನ್ ಟೀಮಿಗೂ ಫಾರ್ವರ್ಡ್ ಮಾಡಿ ಅಪ್ರೂವಲ್ ತಗೋಬೇಕು. ಹಾಗಾಗಿ ಫೋನಲ್ಲಿ "ಸ್ವಲ್ಪ ಜಾಸ್ತಿ ಮಾಡಿ ಮೇಡಂ" ಅಂದ್ರೆ ಅಲ್ಲೇ ಕರಗಿ ಹೋಗತ್ತೆ, ಅವರು ಮುಂದಕ್ಕೆ ಕಳಿಸೋಕೆ ಕೈಯಲ್ಲಿ ಏನೂ ಇರಲ್ಲ. ಬರೆದು ಕೇಳಿ, ಒಂದೇ ಮೇಲಲ್ಲಿ ಎಲ್ಲ ಕೇಳಿ. ಇವತ್ತು ಸಂಬಳ, ಅದು ಒಪ್ಪಿದ್ಮೇಲೆ ನಾಳೆ ಜಾಯ್ನಿಂಗ್ ಬೋನಸ್, ನಾಡಿದ್ದು ವರ್ಕ್ ಫ್ರಮ್ ಹೋಮ್ ಅಂತ ಕಂತಿನಲ್ಲಿ ಕೇಳೋರ ಮೇಲೆ ಎಲ್ಲರಿಗೂ ಬೇಜಾರು ಬರತ್ತೆ, ನನಗೂ ಬರ್ತಿತ್ತು.

ನಮ್ಮ ಹುಡುಗಿ ಬರೆದಿದ್ದು ಇಷ್ಟು: ಕೆಲಸ ಇಷ್ಟ ಆಗಿದೆ, ಸೇರೋ ಮನಸ್ಸಿದೆ, ಅನೆಕ್ಷರ್ ನೋಡಿದಾಗ ನನ್ನ ಈಗಿನ ಗ್ರಾಸ್‌ಗೂ ನಿಮ್ಮದಕ್ಕೂ ಒಂಬತ್ತು ಪರ್ಸೆಂಟ್ ಮಾತ್ರ ವ್ಯತ್ಯಾಸ ಇದೆ, ನನ್ನ ಈಗಿನ ಪ್ಯಾಕೇಜಲ್ಲಿ ವೇರಿಯಬಲ್ ಇಲ್ಲ, ಹಾಗಾಗಿ ಸಿಟಿಸಿ 18 ಲಕ್ಷವೇ ಇರ್ಲಿ, ವೇರಿಯಬಲ್‌ನ ಅರ್ಧ, 90 ಸಾವಿರ, ಫಿಕ್ಸೆಡ್‌ಗೆ ಹಾಕೋಕಾಗತ್ತಾ, ಇಲ್ಲಾಂದ್ರೆ ಜಾಯ್ನಿಂಗ್ ಬೋನಸ್ ಕೊಡೋಕಾಗತ್ತಾ. ಜೊತೆಗೆ ಕೊನೆಯ ಮೂರು ಪೇಸ್ಲಿಪ್. ನೋಡಿ, ಇಲ್ಲಿ ಒಂದು ಕಾರಣ ಇದೆ, ಒಂದು ನಂಬರ್ ಇದೆ, ಅದು ಆಗ್ದೇ ಇದ್ರೆ ಇನ್ನೊಂದು ದಾರಿನೂ ಇದೆ. ಎಚ್‌ಆರ್ ಒಂದಕ್ಷರ ಬದಲಾಯಿಸದೆ ಫಾರ್ವರ್ಡ್ ಮಾಡ್ಬಹುದು.

ಉತ್ತರ ಮೂರು ದಿನಕ್ಕೆ ಬಂತು. ಆ ಗ್ರೇಡಿಗೆ ವೇರಿಯಬಲ್ ಹತ್ತು ಪರ್ಸೆಂಟ್ ಅನ್ನೋದು ಪಾಲಿಸಿ, ಮುಟ್ಟೋಕಾಗಲ್ಲ. ಬದಲಿಗೆ ಫಿಕ್ಸೆಡ್ 60 ಸಾವಿರ ಏರಿಸಿ, ಒಂದು ಲಕ್ಷ ಜಾಯ್ನಿಂಗ್ ಬೋನಸ್ ಕೊಟ್ರು. ಜಾಯ್ನಿಂಗ್ ಬೋನಸ್ ಸುಲಭವಾಗಿ ಸಿಗೋಕೆ ಕಾರಣ ಇದೆ: ಅದು ಒಂದೇ ಸಲದ ಖರ್ಚು, ಮುಂದಿನ ವರ್ಷದ ಇನ್‌ಕ್ರಿಮೆಂಟ್ ಅದರ ಮೇಲೆ ಲೆಕ್ಕ ಆಗಲ್ಲ, ಟೀಮಿನ ಬೇರೆಯವರ ಸಂಬಳದ ಬ್ಯಾಂಡೂ ಕೆಡಲ್ಲ. ಆದ್ರೆ ಅದರ ಜೊತೆ ಕ್ಲಾಬ್ಯಾಕ್ ಬರತ್ತೆ, ಇಷ್ಟು ತಿಂಗಳೊಳಗೆ ಬಿಟ್ರೆ ವಾಪಸ್ ಕೊಡ್ಬೇಕು ಅಂತ. ಅದನ್ನ ಪೂರ್ತಿ ಓದಿ. ಹನ್ನೊಂದನೇ ತಿಂಗಳು ಬಿಟ್ರೂ ಪೂರ್ತಿ ಒಂದು ಲಕ್ಷ ಕೊಡ್ಬೇಕು ಅಂತ ಬರೆದಿರ್ತಾರೆ, ನಿಮ್ಮ ಕೈಗೆ ಬಂದಿರೋದು ಟ್ಯಾಕ್ಸ್ ಕಟ್ ಆದ ದುಡ್ಡು. ಕೆಲಸ ಮಾಡಿದ ತಿಂಗಳುಗಳನ್ನ ಬಿಟ್ಟು ಉಳಿದದ್ದಕ್ಕೆ ಮಾತ್ರ ವಸೂಲಿ ಅಂತ ಮಾಡಿಸ್ಕೊಳ್ಳಿ. ಇವಳು ಕೇಳಿದ್ಲು, ಹನ್ನೆರಡು ತಿಂಗಳು ಪ್ರೋ-ರೇಟಾ ಅಂತ ತಿದ್ದಿದ ಲೆಟರ್ ಬಂತು. ತಿದ್ದಿದ ಲೆಟರ್ ಬರೋವರೆಗೂ ಆಕ್ಸೆಪ್ಟ್ ಬಟನ್ ಒತ್ತಬೇಡಿ. "ಅಪ್ರೈಸಲ್‌ನಲ್ಲಿ ನೋಡ್ಕೊಳ್ಳೋಣ" ಅಂತ ಬಾಯಲ್ಲಿ ಹೇಳಿದ್ದನ್ನ ನಂಬ್ಕೊಂಡು ಸೇರಿದ್ರೆ, ಅಪ್ರೈಸಲ್ ಹೊತ್ತಿಗೆ ಹಾಗೆ ಹೇಳಿದವರೇ ಕಂಪನಿ ಬಿಟ್ಟಿರ್ತಾರೆ.

ಇನ್ನೊಂದು ವಿಷ್ಯ ಜನ ಕೇಳೋದೇ ಇಲ್ಲ. ಕಂಪನಿಯಲ್ಲಿ ಎನ್‌ಪಿಎಸ್ ಪಿಂಚಣಿ ಸೌಲಭ್ಯ ಇದ್ರೆ, ಬೇಸಿಕ್‌ನ 14 ಪರ್ಸೆಂಟ್‌ವರೆಗೆ ಕಂಪನಿ ಕೊಡುಗೆ ಅಂತ ಸಿಟಿಸಿ ಒಳಗೇ ಹಾಕಿಸ್ಕೊಂಡ್ರೆ ಹೊಸ ರೆಜೀಮ್‌ನಲ್ಲೂ ಅಷ್ಟಕ್ಕೆ ಟ್ಯಾಕ್ಸ್ ಇಲ್ಲ. ಮೇಲಿನ ಲೆಕ್ಕದಲ್ಲಿ 1.26 ಲಕ್ಷ ಹಾಕಿದ್ರೆ ವರ್ಷಕ್ಕೆ ಹತ್ತಿರ ಹತ್ತಿರ 19,600 ಟ್ಯಾಕ್ಸ್ ಉಳಿಯತ್ತೆ, ಕಂಪನಿಗೆ ಪೈಸೆ ಖರ್ಚಿಲ್ಲ. ದುಡ್ಡು ಬಹಳ ವರ್ಷ ಕೈಗೆ ಸಿಗಲ್ಲ ಅನ್ನೋದು ಮಾತ್ರ ತಲೇಲಿರ್ಲಿ.

ಕೇಳಿದ್ರೆ ಆಫರ್ ವಾಪಸ್ ತಗೋತಾರೆ ಅಂತ ಹೆದರಿಸೋರು ಇರ್ತಾರೆ. ಮರ್ಯಾದೆಯಿಂದ ಬರೆದ ಒಂದು ಮೇಲ್‌ಗೆ ಸಿಟ್ಟಾಗಿ ಆಫರ್ ಕಿತ್ಕೊಳ್ಳೋ ಕಂಪನಿಯಲ್ಲಿ ನೀವು ಹೋಗಿ ಮಾಡೋದಾದ್ರೂ ಏನಿದೆ?

ವಿರೋಧ: ಲೆಟರ್ ಬಂದ್ಮೇಲೆ ಬೇಡ

ವಿರೋಧ ಬರೀರಿ ಅಂತ ನನ್ನ ಪಾಲಿಗೆ ಬಂತು. ಬ್ರೇಕಪ್ ಓದ್ಬೇಕು ಅನ್ನೋದನ್ನ ನಾನೂ ಒಪ್ತೀನಿ, ಅದರಲ್ಲಿ ಜಗಳ ಇಲ್ಲ. ಆದ್ರೆ ಎಲ್ಲಾ ಕಡೆ ಹಿಂಜವಡಿ ಅಲ್ಲ. ನಾನು ಅಂಕೋಲಾ ಕಡೆಯವನು, ಗೋವಾದ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್‌ನ ಒಂದು ಫ್ಯಾಕ್ಟರಿಯಲ್ಲಿ ಪರ್ಸನೆಲ್ ವಿಭಾಗ ನೋಡ್ಕೊಳ್ತೀನಿ. ಇಲ್ಲಿ ಒಂದೇ ಶಿಫ್ಟ್, ಒಂದೇ ಬಸ್, ಒಂದೇ ಕ್ಯಾಂಟೀನ್. ಹೊಸ ಕೆಮಿಸ್ಟ್‌ಗೆ ಐದು ಸಾವಿರ ಜಾಸ್ತಿ ಕೊಟ್ರೆ ಅದೇ ಲ್ಯಾಬಲ್ಲಿ ಎಂಟು ವರ್ಷದಿಂದ ಇರೋನಿಗೆ ಅದೇ ವಾರ ಗೊತ್ತಾಗತ್ತೆ, ಮರುದಿನ ಬೆಳಗ್ಗೆ ಆತ ನನ್ನ ಕ್ಯಾಬಿನ್ ಮುಂದೆ. ಅವನು ಕೇಳೋದು ನ್ಯಾಯವೇ. ಆ ಹೆದರಿಕೆಗೇ ನಾವು ಗ್ರೇಡ್ ಬಿಟ್ಟು ಆಚೀಚೆ ಹೋಗಲ್ಲ. ಸರ್ಕಾರಿ ಬ್ಯಾಂಕ್, ಪಿಎಸ್‌ಯು, ಕ್ಯಾಂಪಸ್ ಆಫರ್ ಇವಕ್ಕಂತೂ ಪೇ ಸ್ಕೇಲ್ ಮೊದಲೇ ಕಟ್ಟಿಟ್ಟಿರತ್ತೆ, ಅಲ್ಲಿ ಮೇಲ್ ಬರೆದು ಏನೂ ಆಗಲ್ಲ.

ನನ್ನ ಅಕ್ಕನ ಮಗನ ವಿಷ್ಯ ಹೇಳ್ತೀನಿ. ಮುಂಬೈ ಅಂಧೇರಿಯಲ್ಲಿ ಒಂದು ಮಧ್ಯಮ ಗಾತ್ರದ ಕಂಪನಿಯಿಂದ ಅಕೌಂಟ್ಸ್ ಕೆಲಸಕ್ಕೆ ಆಫರ್ ಬಂತು. ಐದು ದಿನದೊಳಗೆ ಸಹಿ ಮಾಡಿ ಕಳಿಸಿ ಅಂತ ಲೆಟರಲ್ಲಿತ್ತು. ಹುಡುಗ ಲೆಟರ್ ಬಂದ ದಿನವೇ ಡೊಂಬಿವಿಲಿಯ ಹಳೇ ಕೆಲಸಕ್ಕೆ ರಾಜೀನಾಮೆ ಕೊಟ್ಟ, ಅದರ ಮೇಲೆ ರೂಮ್‌ಮೇಟ್‌ಗಳ ಮಾತು ಕೇಳಿ ಹೊಸ ಕಂಪನಿಗೆ ಬರೆದ: "ತಿಂಗಳಿಗೆ ಎಂಟು ಸಾವಿರ ಜಾಸ್ತಿ ಮಾಡಿದ್ರೆ ಆಫರ್ ಒಪ್ತೀನಿ." ಎರಡು ದಿನ ಸುದ್ದಿ ಇಲ್ಲ. ನಾಲ್ಕನೇ ದಿನ ಹೆದರಿ "ಆಯ್ತು, ಹಳೇ ಮೊತ್ತಕ್ಕೇ ಬರ್ತೀನಿ" ಅಂತ ಮತ್ತೆ ಬರೆದ್ರೆ, ಇನ್ನೊಬ್ಬರನ್ನ ತಗೊಂಡಿದೀವಿ ಅಂತ ಉತ್ತರ. ರಾತ್ರಿ ನನಗೆ ಫೋನ್ ಮಾಡಿ "ಮಾವ, ಐದು ದಿನ ಟೈಮ್ ಇತ್ತಲ್ಲ, ಕೇಸ್ ಹಾಕೋಕಾಗಲ್ವಾ" ಅಂತ ಕೇಳ್ದ.

ಆಗಲ್ಲಪ್ಪ. ಇಂಡಿಯನ್ ಕಾಂಟ್ರ್ಯಾಕ್ಟ್ ಆಕ್ಟ್ 1872ರ ಏಳನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಅಂದ್ರೆ ಷರತ್ತಿಲ್ಲದೆ ಪೂರ್ತಿ ಇರ್ಬೇಕು. "ಹೀಗೆ ಮಾಡಿದ್ರೆ ಒಪ್ತೀನಿ" ಅಂತ ಬರೆದ್ರೆ ಅದು ಒಪ್ಪಿಗೆ ಅಲ್ಲ, ನಿಮ್ಮ ಕಡೆಯಿಂದ ಹೋದ ಹೊಸ ಪ್ರಸ್ತಾಪ, ಅವರ ಹಳೇ ಪ್ರಸ್ತಾಪ ಅಲ್ಲಿಗೆ ಬಿದ್ದುಹೋಯ್ತು. ಐದನೇ ಸೆಕ್ಷನ್ ಬೇರೆ ಇದೆ: ನಿಮ್ಮ ಒಪ್ಪಿಗೆ ಕಳಿಸೋ ತನಕ ಅವರು ಆಫರ್ ವಾಪಸ್ ತಗೋಬಹುದು. ಅಂಥ ಕಂಪನಿಗೆ ಹೋಗೋದೇ ಬೇಡ ಅಂತ ಹೇಳೋದು ಕೈಯಲ್ಲಿ ಇನ್ನೊಂದು ಕೆಲಸ ಇದ್ದೋರಿಗೆ ಸರಿ. ಇವನಿಗೆ ರಾಜೀನಾಮೆ ಹೋಗಿತ್ತು, ನೋಟಿಸ್ ಪೀರಿಯಡ್ ಶುರುವಾಗಿತ್ತು, ಹಳೇ ಮಾಲೀಕರು ಅವನ ಜಾಗಕ್ಕೆ ಜನ ನೋಡ್ತಿದ್ರು. ಅಕ್ಕ ದಿನಾ ನನಗೆ ಫೋನ್ ಮಾಡೋಳು. ನಾಲ್ಕು ತಿಂಗಳು ಮನೇಲಿದ್ದ, ಕೊನೆಗೆ ಸೇರಿದ್ದು ಹಳೇ ಸಂಬಳಕ್ಕೇ.

ಕಂಪನಿ ಒಳ್ಳೇದೋ ಕೆಟ್ಟದ್ದೋ ಅನ್ನೋದಲ್ಲ ಇಲ್ಲಿ. ನಮ್ಮಲ್ಲೂ ಒಂದು ಪೋಸ್ಟಿಗೆ ಎರಡನೇ ಕ್ಯಾಂಡಿಡೇಟ್ ಹೆಸರು ಪಟ್ಟಿಯಲ್ಲಿ ಇದ್ದೇ ಇರತ್ತೆ, ಪ್ರೊಡಕ್ಷನ್ ಹೆಡ್ ದಿನಾ "ಜನ ಯಾವಾಗ ಬರ್ತಾರೆ" ಅಂತ ಕೇಳ್ತಿರ್ತಾರೆ. ಲೆಟರ್ ಪ್ರಿಂಟ್ ಆಗೋ ಹೊತ್ತಿಗೆ ಆ ಮೊತ್ತಕ್ಕೆ ಫೈನಾನ್ಸ್‌ನವರ ಸಹಿ ಬಿದ್ದಿರತ್ತೆ, ಬದಲಾಯಿಸ್ಬೇಕಂದ್ರೆ ಫೈಲ್ ಮತ್ತೆ ಮೊದಲಿಂದ ಓಡ್ಬೇಕು, ಅದಕ್ಕಿಂತ ಎರಡನೇ ಹೆಸರಿಗೆ ಫೋನ್ ಮಾಡೋದು ಸುಲಭ. ಹಾಗಾಗಿ ಸಂಬಳದ ಮಾತು ಆಡೋದಿದ್ರೆ ಇಂಟರ್‌ವ್ಯೂ ಮುಗಿದು ಎಚ್‌ಆರ್ ಫೋನಲ್ಲಿ "ಎಷ್ಟು ನಿರೀಕ್ಷೆ ಇದೆ" ಅಂತ ಕೇಳೋ ದಿನವೇ ಆಡಿ, ಗ್ರಾಸ್ ಎಷ್ಟು, ವೇರಿಯಬಲ್ ಎಷ್ಟು ಅಂತ ಆಗಲೇ ಬಿಡಿಸಿ ಕೇಳಿ, ಆ ಹೊತ್ತಿಗೆ ಫೈಲ್ ಇನ್ನೂ ನನ್ನಂಥೋರ ಮೇಜಿನ ಮೇಲೇ ಇರತ್ತೆ. ಹಳೇ ಕೆಲಸಕ್ಕೆ ರಾಜೀನಾಮೆಯನ್ನ ಮಾತ್ರ ಹೊಸ ಲೆಟರ್‌ಗೆ ನಿಮ್ಮ ಸಹಿ ಬಿದ್ದು ಅವರಿಗೆ ತಲುಪಿದ್ಮೇಲೆ ಕೊಡಿ.