‘ನನ್ನ ಗೆಳತಿ’ ಎನ್ನುವ ಮೊದಲು

ಜರ್ಮನ್ ಭಾಷೆಯಲ್ಲಿ ‘ಫ್ರಾಯಿಂಡಿನ್’ ಎಂದರೆ ಸ್ನೇಹಿತೆಯೂ ಹೌದು, ಪ್ರೇಯಸಿಯೂ ಹೌದು. ‘ಐನೆ ಫ್ರಾಯಿಂಡಿನ್ ಫಾನ್ ಮಿಯರ್’ ಎಂದರೆ ನನ್ನ ಸ್ನೇಹಿತೆಯರಲ್ಲಿ ಒಬ್ಬಳು. ‘ಮೈನೆ ಫ್ರಾಯಿಂಡಿನ್’ ಎಂದರೆ ಸಾಮಾನ್ಯವಾಗಿ ನಾನು ಪ್ರೀತಿಸುತ್ತಿರುವ ಹುಡುಗಿ. ಮ್ಯೂನಿಕ್‌ಗೆ ಬಂದ ಹೊಸತರಲ್ಲಿ, ಕಚೇರಿಯ ಊಟದ ಮೇಜಿನಲ್ಲಿ ಭಾಷಾ ತರಗತಿಯ ಸಹಪಾಠಿಯೊಬ್ಬಳ ವಿಷಯ ಹೇಳುವಾಗ ನಾನು ಎರಡನೆಯದನ್ನು ಬಳಸಿಬಿಟ್ಟೆ. ಮೂವರು ಎದ್ದು ಕೈಕುಲುಕಿದರು. ಆಕೆಯೊಂದಿಗೆ ಅಲ್ಲಿಯವರೆಗೆ ನಾನು ಮಾತನಾಡಿದ್ದು ಚತುರ್ಥಿ ವಿಭಕ್ತಿಯ ಬಗ್ಗೆ ಮಾತ್ರ.

ಅಭಿನಂದನೆಗಳನ್ನು ತಳ್ಳಿಹಾಕಲು ಮನಸ್ಸು ಬರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅದು ಡಿಸೆಂಬರ್. ಸಂಜೆ ನಾಲ್ಕೂವರೆಗೆಲ್ಲ ಇಲ್ಲಿ ಕತ್ತಲು. ಭಾನುವಾರ ಅಂಗಡಿಗಳು ಕಾನೂನಿನ ಪ್ರಕಾರವೇ ಮುಚ್ಚಿರುತ್ತವೆ. ಹಾಲು ಮುಗಿದರೆ ಮುಖ್ಯ ರೈಲು ನಿಲ್ದಾಣದ ಅಂಗಡಿಗೆ ಹೋಗಬೇಕು. ನಾನು ಹಾಲು ಇದ್ದಾಗಲೂ ಹೋಗುತ್ತಿದ್ದೆ. ಕೌಂಟರಿನಾಕೆ ‘ಚೀಲ ಬೇಕೇ?’ ಎಂದು ಕೇಳುವುದೇ ಎಷ್ಟೋ ಭಾನುವಾರಗಳಲ್ಲಿ ನನ್ನೊಂದಿಗೆ ಮುಖಾಮುಖಿ ಯಾರಾದರೂ ಆಡಿದ ಏಕೈಕ ಮಾತು.

ಈ ಸ್ಥಿತಿಯಲ್ಲಿ ಡೇಟಿಂಗ್ ಆ್ಯಪ್ ತೆರೆದವನಿಗೆ ಉತ್ತರಿಸಿದವರೆಲ್ಲ ಚೆಲುವೆಯರಾಗಿಯೇ ಕಾಣುತ್ತಾರೆ. ಹಾಗೆ ಪರಿಚಯವಾದ ಇಲ್ಲಿಯವಳೊಬ್ಬಳನ್ನು ಎರಡನೆಯ ಸಲ ಕಾಫಿಗೆ ಭೇಟಿಯಾದೆ. ಬಿಲ್ ತಂದವಳು ವಾಡಿಕೆಯಂತೆ ‘ಒಟ್ಟಿಗೋ, ಬೇರೆ ಬೇರೆಯೋ?’ ಎಂದು ಕೇಳಿದಳು. ದಾವಣಗೆರೆಯಲ್ಲಿ ಬೆಳೆದವನು ನಾನು. ಹೋಟೆಲಿನ ಬಿಲ್ಲಿಗಾಗಿ ನೆಂಟರು ಕೈ ಕೈ ಹಿಡಿದು ಎಳೆದಾಡುವುದನ್ನು ನೋಡಿದವನು. ‘ಒಟ್ಟಿಗೆ’ ಎಂದು ಕಾರ್ಡ್ ಚಾಚಿದೆ. ಅವಳು ಏನೂ ಹೇಳದೆ ತನ್ನ ಪಾಲಿನ ಚಿಲ್ಲರೆಯನ್ನು ಎಣಿಸಿ ನನ್ನ ಕಪ್ಪಿನ ಪಕ್ಕ ಇಟ್ಟಳು. ನನಗದು ಸೌಜನ್ಯ, ಅವಳಿಗದು ಋಣ.

ಆದರೆ ಮುರಿದುಬಿದ್ದದ್ದು ಬಿಲ್ಲಿನಿಂದಲ್ಲ. ಕಚೇರಿಯ ಕಿರಿಕಿರಿ, ಮನೆ ಮಾಲೀಕನ ಪತ್ರ, ಜ್ವರ, ಅಮ್ಮನ ಮಂಡಿನೋವು, ಎಲ್ಲವನ್ನೂ ಅವಳೊಬ್ಬಳ ತಲೆಗೇ ಕಟ್ಟಿದೆ. ಮುಂದಿನ ಭೇಟಿಗೆ ಅವಳು ಎರಡು ವಾರ ಬಿಟ್ಟು ದಿನ ಗೊತ್ತುಮಾಡಿದರೆ ನಾನು ಅದನ್ನು ಉಪೇಕ್ಷೆ ಎಂದುಕೊಂಡೆ. ಇಲ್ಲಿ ಆಪ್ತ ಸ್ನೇಹಿತರೂ ಹಾಗೆಯೇ ದಿನ ನೋಡಿ ಸೇರುವುದುಂಟು ಎಂದು ಆಮೇಲೆ ತಿಳಿಯಿತು. ಕೊನೆಗೆ ಅವಳೇ ಕೇಳಿದಳು: ‘ನಿನಗೆ ನಾನು ಬೇಕೋ, ಭಾನುವಾರ ಮಾತನಾಡಲು ಯಾರಾದರೂ ಸಾಕೋ?’ ಉತ್ತರ ನನಗೂ ಗೊತ್ತಿತ್ತು.

ಅದಾದ ಮೇಲೆ ಬ್ಯಾಡ್ಮಿಂಟನ್ ಕ್ಲಬ್ಬಿಗೆ ಸೇರಿದೆ. ಇಲ್ಲಿ ಇಂಥ ಸಂಘಗಳಿಗೆ ‘ಫೆರೈನ್’ ಎನ್ನುತ್ತಾರೆ. ಹಾಡಿಗೆ, ಚಾರಣಕ್ಕೆ, ಚದುರಂಗಕ್ಕೆ, ಎಲ್ಲದಕ್ಕೂ ಒಂದೊಂದು. ಪ್ರತಿ ಮಂಗಳವಾರ ಸಂಜೆ ಶಾಲೆಯೊಂದರ ಜಿಮ್ ಹಾಲಿನಲ್ಲಿ ಆಟ, ಆಮೇಲೆ ಸೇಬಿನ ರಸಕ್ಕೆ ಸೋಡಾ ಬೆರೆಸಿಕೊಂಡು ಕುಳಿತುಕೊಳ್ಳುವುದು. ಮೊದಲೆರಡು ತಿಂಗಳು ‘ಹಲೋ’ ಬಿಟ್ಟರೆ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಮೂರನೆಯ ತಿಂಗಳಲ್ಲಿ ಒಂದು ವಾರ ತಪ್ಪಿಸಿದೆ. ಮರುವಾರ ನಾಲ್ವರು ‘ಎಲ್ಲಿ ಹೋಗಿದ್ದೆ?’ ಎಂದರು. ಆ್ಯಪ್‌ನಲ್ಲಿ ಮೊದಲ ದಿನವೇ ಗಿಟ್ಟುವ ಕುತೂಹಲ ಇಲ್ಲಿ ಮೂರು ತಿಂಗಳ ಹಾಜರಿಯ ಮೇಲೆ ಬರುತ್ತದೆ, ಬಂದಮೇಲೆ ಸುಲಭಕ್ಕೆ ಹೋಗುವುದಿಲ್ಲ. ಕನ್ನಡ ಬಳಗದ ಯುಗಾದಿಗೂ ಹೋಗುತ್ತೇನೆ, ಹೋಳಿಗೆ ಚೆನ್ನಾಗಿರುತ್ತದೆ. ಆದರೆ ಅಲ್ಲಿ ಒಂಟಿ ಹುಡುಗನಿಗೆ ಸಂಗಾತಿಗಿಂತ ಮೊದಲು ಸಿಗುವುದು ಜಾತಕ ಕೇಳುವ ಚಿಕ್ಕಮ್ಮಂದಿರು.

ಕ್ಲಬ್ಬಿನಲ್ಲಿ ಪರಿಚಯವಾದವಳು ಪೋಲೆಂಡಿನ ನರ್ಸ್. ಅವಳದೂ ಪರದೇಶ, ಅವಳಿಗೂ ರಾತ್ರಿಪಾಳಿ ಮುಗಿಸಿ ಬಂದರೆ ಖಾಲಿ ಮನೆ. ಆದರೂ ನಾವಿಬ್ಬರು ಒಂದೇ ನೆಲದ ಮೇಲೆ ನಿಂತಿಲ್ಲ. ಐರೋಪ್ಯ ಒಕ್ಕೂಟದ ಪ್ರಜೆಯಾದ ಅವಳಿಗೆ ಇಲ್ಲಿರಲು ವೀಸಾ ಬೇಡ. ನನ್ನದು ಉದ್ಯೋಗಕ್ಕೆ ಅಂಟಿಕೊಂಡ ವಾಸದ ಪರವಾನಗಿ, ಬ್ಲೂ ಕಾರ್ಡ್; ಕೆಲಸ ಹೋದರೆ ಇನ್ನೊಂದನ್ನು ಹುಡುಕಿಕೊಳ್ಳಲು ಕೆಲವೇ ತಿಂಗಳು. ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಇದ್ದರೆ 21 ತಿಂಗಳಲ್ಲಿ ಕಾಯಂ ವಾಸದ ಪರವಾನಗಿ ಕೇಳಬಹುದು, ಎ1 ಎಂಬ ಆರಂಭದ ಮಟ್ಟ ಮಾತ್ರ ಇದ್ದರೆ 27 ತಿಂಗಳು ಕಾಯಬೇಕು. ಪ್ರೀತಿಯ ಬರಹದಲ್ಲಿ ಈ ಲೆಕ್ಕವೇಕೆ ಎನ್ನಬೇಡಿ. ‘ಮುಂದಿನ ವರ್ಷ ಇಲ್ಲಿರುತ್ತೀಯಾ?’ ಎಂದು ಅವಳು ಕೇಳಿದಾಗ ನನ್ನ ಬಳಿ ಇದ್ದ ಪ್ರಾಮಾಣಿಕ ಉತ್ತರ ಇದೊಂದೇ. ಇದನ್ನು ಮುಚ್ಚಿಟ್ಟು ಸಂಬಂಧ ಬೆಳೆಸುವುದು ಮೋಸ ಎಂದೇ ನನ್ನ ಅಭಿಪ್ರಾಯ. ಅಮ್ಮ ಪ್ರತಿ ಭಾನುವಾರ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಸಮೇತ ಕಳಿಸುವ ವಧುಗಳ ವಿವರವನ್ನೂ ಅವಳಿಗೆ ತೋರಿಸಿದೆ. ಒಬ್ಬಳ ಸೀರೆ ಅವಳಿಗೆ ತುಂಬಾ ಹಿಡಿಸಿತು. ಅಮ್ಮನಿಗೆ ಅವಳ ವಿಷಯ ಇನ್ನೂ ಹೇಳಿಲ್ಲ, ಅದು ನನ್ನ ಪುಕ್ಕಲುತನ.

ಕಳೆದ ಮಂಗಳವಾರ ಕ್ಲಬ್ಬಿಗೆ ಹೊಸಬರೊಬ್ಬರು ಬಂದಿದ್ದರು. ಅವಳು ನನ್ನತ್ತ ರಾಕೆಟ್ ತೋರಿಸಿ ‘ಮೈನ್ ಫ್ರಾಯಿಂಡ್’ ಎಂದು ಪರಿಚಯಿಸಿದಳು. ವ್ಯಾಕರಣದ ತಪ್ಪಿರಬಹುದೇ ಎಂದು ಮನೆ ತಲುಪುವವರೆಗೂ ತಲೆ ಕೆಡಿಸಿಕೊಂಡೆ. ಮರುದಿನ ಕೇಳಿಯೇಬಿಟ್ಟೆ. ಅವಳ ಜರ್ಮನ್ ನನ್ನದಕ್ಕಿಂತ ಎಷ್ಟೋ ವಾಸಿಯಂತೆ.